ದಿನಾ ನಿಮ್ಮ ಪಾರ್ಕಿಂಗ್ ಜಾಗ ಕೇಳುವ ನೆರೆಯವರಿಗೆ ಮನಸ್ಸು ಮುರಿಯದೆ ಇಲ್ಲ ಅನ್ನುವುದು ಹೇಗೆ

ಪುಣೆಯ ಕೋಥ್ರೂಡ್‌ನಲ್ಲಿ ನಮ್ಮದು 28 ಮನೆಗಳ ಹಳೇ ಸೊಸೈಟಿ. ಕಟ್ಟಡದ ಕೆಳಗೆ ಕಂಬಗಳ ನಡುವಿನ ಸ್ಟಿಲ್ಟ್‌ನಲ್ಲಿ 17 ಕಾರು ನಿಲ್ಲುತ್ತವೆ. ಉಳಿದವರ ಗಾಡಿ ರಸ್ತೆಯಲ್ಲಿ. ನಮ್ಮ ರಸ್ತೆಗೆ ಪಿ-1, ಪಿ-2 ಫಲಕ ಇದೆ. ಇವತ್ತು ಈ ಬದಿ ನಿಲ್ಲಿಸಿದರೆ ನಾಳೆ ಆ ಬದಿ. ಮರೆತರೆ ಗಾಡಿ ಎತ್ತಿಕೊಂಡು ಹೋಗುತ್ತಾರೆ.

ಎರಡನೇ ಮಹಡಿಯ ರಾಯರು ಹುಬ್ಬಳ್ಳಿಯವರು, ಬ್ಯಾಂಕಿನಿಂದ ನಿವೃತ್ತರಾದವರು. ಕಳೆದ ವರ್ಷ ಮಗ ಸೊಸೆ ಇಲ್ಲಿಗೇ ಬಂದು ಸೇರಿದರು. ಮನೆಗೆ ಎರಡನೇ ಕಾರು ಬಂತು. ಒಂದು ದಿನ ಲಿಫ್ಟ್‌ನಲ್ಲಿ ರಾಯರು ಕೇಳಿದರು: "ಹಗಲಿನಾಗ ನಿಮ್ಮ ಜಾಗಾ ಖಾಲೀನ ಇರ್ತದಲ್ರೀ. ನಮ್ಮ ಸೊಸಿ ಗಾಡಿ ಅಲ್ಲೇ ನಿಲ್ಲಿಸ್ಲೇನ್ರಿ? ನೀವು ಬರೋದ್ರಾಗ ತಗೀತೀವಿ."

ಕೇಳಿದ್ದು ತಪ್ಪಲ್ಲ. ನಾನು ಬೆಳಿಗ್ಗೆ 9ಕ್ಕೆ ಹೊರಟರೆ ಬರುವುದು ಸಂಜೆ 6:30ಕ್ಕೆ. ಸೊಸೆ ಮಗುವನ್ನು ಶಾಲೆಗೆ ಬಿಟ್ಟು 9:30ಕ್ಕೆ ಬರುತ್ತಾರೆ. ಸಮಯ ಸರಿಯಾಗಿ ಹೊಂದುತ್ತದೆ. ಇಲ್ಲ ಅನ್ನುವುದು ಅತಿ ಕಷ್ಟ ಆಗುವುದೂ ಇಂಥ ಕಡೆಯೇ. ಮೇಲಾಗಿ ಕೇಳುತ್ತಿರುವವರು ಪರಊರಿನಲ್ಲಿ ಸಿಕ್ಕ ನಮ್ಮ ಭಾಷೆಯವರು. ಹಬ್ಬಕ್ಕೆ ಹೋಳಿಗೆ ಕಳಿಸುವ ಮನೆ.

ಆದರೂ ನಾನು ಇಲ್ಲ ಅಂದೆ. ನಾವು ಈಗಲೂ ಚೆನ್ನಾಗಿದ್ದೇವೆ. ಅದನ್ನು ಹೇಗೆ ಮಾಡಿದೆ ಅನ್ನುವುದನ್ನು ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ. ನಿಮ್ಮ ಜಾಗ ಹಗಲಿಡೀ ಖಾಲಿ ಇದ್ದು, ಪಕ್ಕದವರು ಅದನ್ನು ದಿನಾ ಬಳಸಲು ಕೇಳಿದ್ದರೆ ಇದು ನಿಮಗೆ.

ಖಾಲಿ ಜಾಗ ಕೊಟ್ಟರೆ ಏನು ಕಷ್ಟ?

ಮೊದಲು ಇದು ನಿಮಗೇ ಸ್ಪಷ್ಟ ಇರಬೇಕು. ಇಲ್ಲದಿದ್ದರೆ ಎದುರಿಗೆ ಕೂತಾಗ ಮಾತು ಜಾರುತ್ತದೆ.

ಈ ಮನೆಗೆ ಬರುವ ಮೊದಲು ವಾಕಡ್‌ನಲ್ಲಿ ಬಾಡಿಗೆಗೆ ಇದ್ದೆ. ಅಲ್ಲಿ ಹೀಗೇ ಒಬ್ಬರು ಕೇಳಿದರು, ಸರಿ ಅಂದೆ. ಮೂರು ವಾರ ಏನೂ ತೊಂದರೆ ಆಗಲಿಲ್ಲ. ಆಮೇಲೆ ಜುಲೈನಲ್ಲಿ ಒಂದು ದಿನ ಅಮ್ಮನಿಗೆ ಹುಷಾರಿಲ್ಲ ಅಂತ ಮಧ್ಯಾಹ್ನ 3ಕ್ಕೇ ಆಫೀಸಿನಿಂದ ಬಂದು, ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ವಾಪಸ್ ಬಂದಾಗ ಜೋರು ಮಳೆ. ನನ್ನ ಜಾಗದಲ್ಲಿ ಅವರ ಕಾರು. ಫೋನ್ ರಿಂಗ್ ಆಗುತ್ತಿದೆ, ಎತ್ತುವವರಿಲ್ಲ. ಕೀ ವಾಚ್‌ಮನ್ ಹತ್ತಿರವೂ ಇಲ್ಲ. ಗೇಟಿನ ಹೊರಗೆ ಗಾಡಿ ನಿಲ್ಲಿಸಿ, ಅಮ್ಮನಿಗೆ ಕೊಡೆ ಹಿಡಿದು ಒಳಗೆ ಕರೆತಂದೆ. ಅವರು ಬೇಕಂತ ಮಾಡಿದ್ದಲ್ಲ, ನಿದ್ದೆ ಹೋಗಿದ್ದರು. ಆದರೆ ಅವತ್ತು ನನ್ನ ಬಾಯಿಂದ ಬಂದ ಮಾತು ಚೆನ್ನಾಗಿರಲಿಲ್ಲ. ಆ ಮನೆ ಬಿಡುವ ತನಕ ನಾವಿಬ್ಬರೂ ಸರಿಯಾಗಿ ಮಾತಾಡಲೇ ಇಲ್ಲ.

ಅವತ್ತು ನನಗೆ ಗೊತ್ತಾಗಿದ್ದು ಇಷ್ಟು. ದಿನಾ ಕೊಡುವುದು ಅಂದರೆ ಖಾಲಿ ಹೊತ್ತನ್ನು ಮಾತ್ರ ಕೊಟ್ಟಂತೆ ಅಲ್ಲ. ಯಾವಾಗ ಬೇಕಾದರೂ ವಾಪಸ್ ಬರಬಹುದು ಅನ್ನುವ ನಿಶ್ಚಿಂತೆಯನ್ನೂ ಕೊಟ್ಟ ಹಾಗೆ. ಒಂದು ತಿಂಗಳಲ್ಲಿ ಕೇಳುವವರು ಅದಲುಬದಲಾಗುತ್ತಾರೆ. ಮೊದಲು ಅವರು ನಿಮ್ಮನ್ನು ಕೇಳುತ್ತಿದ್ದರು. ಆಮೇಲೆ "ಇವತ್ತು ಬೇಗ ಬರ್ತಿದ್ದೀನಿ, ತೆಗೀತೀರಾ?" ಅಂತ ನೀವು ಅವರನ್ನು ಕೇಳುತ್ತೀರಿ. ನಿಮ್ಮದೇ ಜಾಗಕ್ಕೆ. ಜಗಳ ಹುಟ್ಟುವುದು ಇಲ್ಲಿಂದಲೇ. ಮೂರು ತಿಂಗಳ ನಂತರ ವಾಪಸ್ ಕೇಳಿದರೆ ಆಗುವ ಬೇಜಾರು, ಮೊದಲ ದಿನವೇ ಇಲ್ಲ ಅಂದರೆ ಆಗುವ ಬೇಜಾರಿಗಿಂತ ತುಂಬಾ ಜಾಸ್ತಿ. ಅಷ್ಟರಲ್ಲಿ ಅವರ ಮನೆಯ ದಿನಚರಿ ಅದರ ಮೇಲೇ ನಿಂತಿರುತ್ತದೆ.

ಮೊದಲ ಹೆಜ್ಜೆ: ಆ ಜಾಗ ನಿಮಗೆ ಹೇಗೆ ಬಂತು ಅಂತ ಕಾಗದ ನೋಡಿ

ಹತ್ತು ನಿಮಿಷದ ಕೆಲಸ. ಆದರೆ ಇದನ್ನು ಮಾಡದೆ "ಸೊಸೈಟಿ ರೂಲ್ಸ್ ಇದೆ" ಅಂದುಬಿಟ್ಟರೆ ಸಿಕ್ಕಿಹಾಕಿಕೊಳ್ಳುತ್ತೀರಿ.

ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಬೈಲಾ ಪ್ರಕಾರ, ಮಾರಾಟವಾಗದೆ ಉಳಿದ ಪಾರ್ಕಿಂಗನ್ನು ಹಂಚುವುದು ಮ್ಯಾನೇಜಿಂಗ್ ಕಮಿಟಿ, ಮೊದಲು ಬಂದವರಿಗೆ ಮೊದಲು ಅನ್ನುವ ಲೆಕ್ಕದಲ್ಲಿ. ಸೊಸೈಟಿ ಹೀಗೆ ಹಂಚಿದ ಸ್ಟಿಲ್ಟ್ ಜಾಗವನ್ನು ಸದಸ್ಯರು ಮಾರುವ ಹಾಗಿಲ್ಲ, ಬೇರೆಯವರಿಗೆ ವರ್ಗಾಯಿಸುವ ಹಾಗೂ ಇಲ್ಲ. ಕೇಳುವವರು ಜಾಸ್ತಿ, ಜಾಗ ಕಮ್ಮಿ ಅಂದರೆ ಚೀಟಿ ಎತ್ತುತ್ತಾರೆ. ನಿಮ್ಮ ಹತ್ತಿರ ಕಮಿಟಿಯ ಅಲಾಟ್‌ಮೆಂಟ್ ಪತ್ರ ಇದ್ದು, ಮೆಂಟೆನೆನ್ಸ್ ಬಿಲ್ಲಿನಲ್ಲಿ ಪಾರ್ಕಿಂಗ್ ಚಾರ್ಜ್ ಬೇರೆಯಾಗಿ ಬರುತ್ತಿದ್ದರೆ ನಿಮ್ಮದು ಬಹುಶಃ ಈ ಥರದ್ದು.

ಹಳೇ ಕಟ್ಟಡದಲ್ಲಿ "ಬಿಲ್ಡರ್ ಹತ್ತಿರ ದುಡ್ಡು ಕೊಟ್ಟು ತಗೊಂಡಿದ್ದೀನಿ" ಅನ್ನುವವರು ಬಹಳ. 2010ರಲ್ಲಿ ಸುಪ್ರೀಂ ಕೋರ್ಟ್, ಮುಂಬೈ ದಹಿಸರ್‌ನ ಪಾಂಚಾಲಿ ಸೊಸೈಟಿಯ ಕೇಸಿನಲ್ಲಿ, ಸ್ಟಿಲ್ಟ್ ಪಾರ್ಕಿಂಗನ್ನು ಬಿಲ್ಡರ್ ಪ್ರತ್ಯೇಕವಾಗಿ ಮಾರುವ ಹಾಗಿಲ್ಲ ಅಂದಿದೆ. ಬಿಲ್ಡರ್‌ಗಳ ಮೇಲೆ ಹಿಡಿತ ಇಡುವ ರೇರಾ ಕಾನೂನು ಬಂದಮೇಲಿನ ಹೊಸ ಕಟ್ಟಡಗಳಲ್ಲಿ ಮುಚ್ಚಿದ ಪಾರ್ಕಿಂಗ್ ಮನೆಯ ಅಗ್ರಿಮೆಂಟ್‌ನಲ್ಲೇ ಬರೆದಿರುತ್ತದೆ. ನಿಮ್ಮದು ಯಾವುದು ಅಂತ ತಿಳಿದಿದ್ದರೆ ಸಾಕು. ಈ ಕಾಗದ ನಿಮ್ಮ ಧೈರ್ಯಕ್ಕೆ, ಪಕ್ಕದ ಮನೆಗೆ ತೋರಿಸುವುದಕ್ಕಲ್ಲ.

ನೀವು ಬಾಡಿಗೆಗೆ ಇದ್ದರೆ ಲೀವ್ ಅಂಡ್ ಲೈಸೆನ್ಸ್ ಅಗ್ರಿಮೆಂಟ್‌ನಲ್ಲಿ ಪಾರ್ಕಿಂಗ್ ಬಗ್ಗೆ ಏನಿದೆ ನೋಡಿ. ಒಂದು ಎಚ್ಚರ: "ಓನರ್‌ನ ಕೇಳ್ಬೇಕು" ಅಂತ ಜಾರಿಕೊಳ್ಳಬೇಡಿ. ನೆರೆಯವರು ನಿಮಗಿಂತ ಮೊದಲೇ ಓನರಿಗೆ ಫೋನ್ ಮಾಡಿರುತ್ತಾರೆ. ಓನರ್ ಮುಂಬೈಯಲ್ಲಿ ಕೂತು "ಹೌದಾ, ಪರವಾಗಿಲ್ಲ" ಅಂದರೆ ಮುಗೀತು.

ಎರಡನೇ ಹೆಜ್ಜೆ: ಕೇಳಿದ ಜಾಗದಲ್ಲಿ "ನೋಡೋಣ" ಅನ್ನಬೇಡಿ

ನಮ್ಮ ಮಾತಿನಲ್ಲಿ "ನೋಡೋಣ" ಅಂದರೆ ಅರ್ಧ ಹೂಂ ಅಂದ ಹಾಗೆ. ಕೇಳಿದವರು ಮನೆಗೆ ಹೋಗಿ "ಆಗ್ತದಂತ" ಅಂತಲೇ ಹೇಳುತ್ತಾರೆ. "ಸದ್ಯಕ್ಕೆ ಬೇಡ" ಅಂದರೂ ಕಷ್ಟ, ಮುಂದಿನ ತಿಂಗಳು ಮತ್ತೆ ಕೇಳುತ್ತಾರೆ. ಕೇಳಬೇಕಾದದ್ದೇ, ನೀವೇ ಹೇಳಿದ್ದೀರಲ್ಲ.

ಹಾಗಂತ ಲಿಫ್ಟ್‌ನಲ್ಲಿ, ಎರಡು ಮಹಡಿ ಇಳಿಯುವಷ್ಟರಲ್ಲಿ ಇಲ್ಲ ಅಂದುಬಿಡುವುದೂ ಚೆನ್ನಾಗಿರಲ್ಲ. ನಾನು ರಾಯರಿಗೆ ಹೇಳಿದ್ದು ಇಷ್ಟು: "ರಾಯರೇ, ದಿನಾ ಅಂದ್ರೆ ನನಗೆ ಕಷ್ಟ ಇದೆ. ನಾಳೆ ಸಂಜೆ ಮನೆಗೆ ಬರ್ತೀನಿ, ಕೂತು ಮಾತಾಡೋಣ." ಉತ್ತರ ಯಾವ ಕಡೆ ಇದೆ ಅಂತ ಅವರಿಗೆ ಆಗಲೇ ಗೊತ್ತಾಯಿತು. ರಾತ್ರಿ ಮನೆಯಲ್ಲಿ ಮಗ ಸೊಸೆಗೆ ಹೇಳಿ ಸಿದ್ಧ ಮಾಡಿಕೊಳ್ಳಲು ಒಂದು ದಿನ ಸಿಕ್ಕಿತು. ಒಂದೇ ದಿನ ಸಾಕು. ಒಂದು ವಾರ ಎಳೆದರೆ ಅವರು ಆಸೆ ಇಟ್ಟುಕೊಳ್ಳುತ್ತಾರೆ, ನೀವು ಮೆಟ್ಟಿಲ ಮೇಲೆ ಅವರ ಕಣ್ಣು ತಪ್ಪಿಸಲು ಶುರು ಮಾಡುತ್ತೀರಿ.

ಮೂರನೇ ಹೆಜ್ಜೆ: ಒಂದೇ ಕಾರಣ, ಅದು ನಿಜದ ಕಾರಣ

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದು. ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ.

ನೀವು ಕೊಡುವ ಕಾರಣಕ್ಕೆ ಅವರು ದಾರಿ ಹುಡುಕುತ್ತಾರೆ. ಅದು ಸಹಜ, ಅವರಿಗೆ ಕಷ್ಟ ಇದೆ. "ನಾನು 6:30ಕ್ಕೆ ಬರ್ತೀನಿ" ಅಂದರೆ "ನಾವು 6ಕ್ಕೇ ತೆಗೀತೀವಿ" ಅನ್ನುತ್ತಾರೆ. "ಶನಿವಾರ ಮನೇಲಿರ್ತೀನಿ" ಅಂದರೆ "ಶನಿವಾರ ಬಿಟ್ಟು" ಅನ್ನುತ್ತಾರೆ. "ಗಾಡಿಗೆ ಗೀಚು ಬೀಳುತ್ತೆ" ಅಂದರೆ "ನಮ್ಮ ಸೊಸೆ ಚೆನ್ನಾಗಿ ಓಡಿಸ್ತಾಳೆ" ಅನ್ನುತ್ತಾರೆ, ಜೊತೆಗೆ ಆ ಮಾತು ಅವರಿಗೆ ಚುಚ್ಚುತ್ತದೆ ಕೂಡ. ಹೀಗೆ ಮೂರು ಕಾರಣಕ್ಕೂ ಅವರು ಉತ್ತರ ಕೊಟ್ಟಮೇಲೆ ನಿಮ್ಮ ಹತ್ತಿರ ಉಳಿಯುವುದು "ನನಗೆ ಇಷ್ಟ ಇಲ್ಲ" ಮಾತ್ರ. ಆಗ ಹೇಳಿದರೆ ಅದು ಮೊಂಡುತನದ ಹಾಗೆ ಕೇಳಿಸುತ್ತದೆ.

ಹಾಗಾಗಿ ಸಮಯದ ಲೆಕ್ಕಕ್ಕೆ ಕೈ ಹಾಕಲೇಬೇಡಿ. ಮೇಲೆ ಹೇಳಿದ ನಿಜವಾದ ಕಾರಣವನ್ನೇ ಹೇಳಿ: ಹೇಳದೆ ಕೇಳದೆ ಯಾವ ಹೊತ್ತಿಗೆ ಬಂದರೂ ಜಾಗ ಖಾಲಿ ಇರಬೇಕು. ಇದಕ್ಕೆ ಪರಿಹಾರ ಅಂತ ಇಲ್ಲ. ಯಾಕಂದರೆ ಅವರು ಕೇಳುತ್ತಿರುವುದೇ ಅದನ್ನು.

ಇನ್ನೊಂದು ಮಾತು. "ನಮ್ಮನೆಯವಳು ಬೇಡ ಅಂತಾಳೆ", "ನಮ್ಮ ಯಜಮಾನ್ರು ಒಪ್ಪಲ್ಲ" ಅಂತ ಮನೆಯವರ ಮೇಲೆ ಹಾಕಬೇಡಿ. ನಿಮ್ಮಿಬ್ಬರ ಮಧ್ಯೆ ಏನೂ ಆಗದಿರಬಹುದು. ಆದರೆ ಅರಿಶಿನ ಕುಂಕುಮಕ್ಕೆ ಕರೆಯುವಾಗ, ಮಕ್ಕಳು ಆಡಲು ಹೋಗುವಾಗ, ಆ ಮಾತು ಮಾಡದ ತಪ್ಪಿಗೆ ನಿಮ್ಮ ಹೆಂಡತಿಯ ತಲೆಗೆ ಬಂದಿರುತ್ತದೆ. ಕಮಿಟಿಯ ಹೆಸರು ಹೇಳುವುದೂ ಅಷ್ಟೇ. ನಿಜಕ್ಕೂ ನಿಯಮ ಇದ್ದರೆ ಹೇಳಬಹುದು. ಆದರೆ ಅದು ಎರಡನೇ ಮಾತಾಗಿರಲಿ. ಅದೇ ಮೊದಲ ಮಾತಾದರೆ ಅವರು ಸೆಕ್ರೆಟರಿಯಿಂದ ಒಪ್ಪಿಗೆ ತಂದು ಬಾಗಿಲಲ್ಲಿ ನಿಲ್ಲುತ್ತಾರೆ.

ನಾಲ್ಕನೇ ಹೆಜ್ಜೆ: ಅವರ ಮನೆಗೇ ಹೋಗಿ, ಚಹಾಕ್ಕೆ ಮೊದಲು ಹೇಳಿ

ವಾಟ್ಸಾಪ್ ಬೇಡ. ಸೊಸೈಟಿ ಗ್ರೂಪ್‌ನಲ್ಲಂತೂ ಬೇಡವೇ ಬೇಡ. ಪಾರ್ಕಿಂಗ್‌ನಲ್ಲಿ ವಾಚ್‌ಮನ್ ಎದುರಿಗೂ ಬೇಡ. ಕೇಳಿದವರು ಯಾರೋ ಅವರಿಗೇ ಹೇಳಿ. ನನ್ನನ್ನು ಕೇಳಿದ್ದು ರಾಯರು. ಸೊಸೆ ಕೆಳಗೆ ಸಿಕ್ಕಿದ್ದರು, ಆದರೂ ಅವರ ಹತ್ತಿರ ಹೇಳಲಿಲ್ಲ. ಹಿರಿಯರು ಬಾಯಿ ಬಿಟ್ಟು ಕೇಳಿದ್ದಕ್ಕೆ ಕಿರಿಯರ ಕೈಯಲ್ಲಿ ಉತ್ತರ ಕಳಿಸುವುದು ಸರಿಯಲ್ಲ.

ಮರುದಿನ ಸಂಜೆ 7:30ಕ್ಕೆ ಹೋದೆ. ಬಾಗಿಲು ತೆಗೆದವರೇ "ಬರ್ರಿ ಬರ್ರಿ, ಚಾ ಇಡ್ಲಿಕ್ಕೆ ಹೇಳ್ತೀನಿ" ಅಂದರು. ಅವರು ವಾಪಸ್ ಬಂದು ಕೂತ ತಕ್ಷಣ ವಿಷಯ ತೆಗೆದೆ. ಇದರಲ್ಲಿ ಒಂದು ಲೆಕ್ಕ ಇದೆ. ಚಹಾ ಕುಡಿದಾದ ಮೇಲೆ ಇಲ್ಲ ಅಂದರೆ ಅದೇ ಕೊನೆಯ ಮಾತಾಗುತ್ತದೆ, ನೀವು ಎದ್ದು ಬರುತ್ತೀರಿ, ಆ ಮನೆಯಲ್ಲಿ ಅದೇ ಉಳಿಯುತ್ತದೆ. ಮೊದಲೇ ಹೇಳಿದರೆ ಚಹಾ ಬರುವ ಹೊತ್ತಿಗೆ ಮಾತು ಮುಗಿದಿರುತ್ತದೆ. ಆಮೇಲಿನ ಅರ್ಧ ಗಂಟೆ ಹುಬ್ಬಳ್ಳಿ ಮಳೆ, ಮೊಮ್ಮಗನ ಶಾಲೆ, ಅದೂ ಇದೂ. ಎದ್ದು ಬರುವಾಗ ನೆನಪಿರುವುದು ಆ ಅರ್ಧ ಗಂಟೆ.

ನಾನು ಹೇಳಿದ್ದು ಹೆಚ್ಚುಕಮ್ಮಿ ಹೀಗೆ:

"ರಾಯರೇ, ನಿನ್ನೆ ಪಾರ್ಕಿಂಗ್ ಕೇಳಿದ್ರಲ್ಲ, ಯೋಚನೆ ಮಾಡಿದೆ. ದಿನಾ ಕೊಡೋಕೆ ನನಗೆ ಆಗಲ್ಲ. ಅಮ್ಮ ನಮ್ಮ ಜೊತೆ ಇದ್ದಾರೆ, ಯಾವಾಗ ಬೇಕಾದ್ರೂ ಬರಬೇಕಾಗುತ್ತೆ. ಬರುವಾಗ ಯಾರಿಗೂ ಫೋನ್ ಮಾಡದೆ ಸೀದಾ ಒಳಗೆ ಬರೋ ಹಾಗಿರಬೇಕು. ಹಿಂದೆ ಒಂದು ಸಲ ಕೊಟ್ಟು, ಆಮೇಲೆ ಆ ಮನೆಯವರ ಜೊತೆ ಮನಸ್ತಾಪ ಆಯ್ತು. ನಿಮ್ಮ ಜೊತೆ ಹಾಗಾಗೋದು ನನಗೆ ಬೇಡ."

ಇಷ್ಟು ಹೇಳಿ ಸುಮ್ಮನಾದೆ. ಇಲ್ಲಿ ಸುಮ್ಮನಿರುವುದು ಕಷ್ಟ. ಆ ನಾಲ್ಕು ಕ್ಷಣದ ಮೌನಕ್ಕೆ ಹೆದರಿ "ಬೇಕಿದ್ರೆ ವಾರಕ್ಕೆ ಎರಡು ದಿನ..." ಅಂತ ನಾವೇ ಬಾಗಿಲು ತೆಗೆದುಬಿಡುತ್ತೇವೆ. ತಡೆದುಕೊಳ್ಳಿ.

ರಾಯರು "ಒಂದ್ ತಿಂಗಳಾ ಟ್ರಾಯಲ್ ನೋಡೂಣಲ್ರಿ" ಅಂದರು. "ತಿಂಗಳು ಆದಮೇಲೆ ಬೇಡ ಅನ್ನೋದು ಇನ್ನೂ ಕಷ್ಟ ರಾಯರೇ, ಅದಕ್ಕೇ ಈಗಲೇ ಹೇಳ್ತಿದ್ದೀನಿ" ಅಂದೆ. ಹೊಸ ಕಾರಣ ಕೊಡಲಿಲ್ಲ. ಮತ್ತೆ ಕೇಳಿದರೆ ಅದೇ ಮಾತನ್ನು ಇನ್ನೂ ಮೆತ್ತಗೆ ಹೇಳಬೇಕು. ಹೊಸದು ಸೇರಿಸಿದರೆ ಚರ್ಚೆ ಮತ್ತೆ ಶುರು.

ಕೆಲವರು ದುಡ್ಡಿನ ಮಾತು ತೆಗೆಯುತ್ತಾರೆ: "ಸುಮ್ನೆ ಬೇಡ, ತಿಂಗಳಿಗೆ ಏನಾದರೂ ಕೊಡ್ತೀವಿ." ಕೂಡಲೇ ಬೇಡ ಅನ್ನಿ. ಸೊಸೈಟಿ ಹಂಚಿದ ಜಾಗಕ್ಕೆ ನೀವು ಬಾಡಿಗೆ ತೆಗೆದುಕೊಂಡರೆ, ಪಾರ್ಕಿಂಗ್ ಸಿಗದೆ ಕಾಯುತ್ತಿರುವ ಉಳಿದವರು ಸುಮ್ಮನಿರುವುದಿಲ್ಲ. "ಅವರಿಗೆ ಬೇಡವಾದ್ರೆ ನಮಗೆ ಕೊಡಿ" ಅಂತ ಮುಂದಿನ ಮೀಟಿಂಗ್‌ನಲ್ಲಿ ಎದ್ದೇಳುತ್ತದೆ. "ದುಡ್ಡಿನ ವಿಷಯ ಅಲ್ಲ, ನಿಮ್ಮ ಹತ್ತಿರ ದುಡ್ಡು ತಗೊಳ್ಳೋದು ನನಗೆ ಸರಿಯಾಗಲ್ಲ" ಅಂದರೆ ಸಾಕು.

ಐದನೇ ಹೆಜ್ಜೆ: ಅವರ ಕಷ್ಟಕ್ಕೆ ಬೇರೆ ದಾರಿಯಲ್ಲಿ ಹೆಗಲು ಕೊಡಿ

ಜಾಗ ಕೊಡಲಿಲ್ಲ, ಸರಿ. ಆದರೆ ಅವರ ಗಾಡಿ ಈಗಲೂ ರಸ್ತೆಯಲ್ಲೇ ಇದೆ. ಸಂಬಂಧ ಉಳಿಯುವುದು ಇಲ್ಲಿ ನೀವು ಏನು ಮಾಡುತ್ತೀರಿ ಅನ್ನುವುದರ ಮೇಲೆ.

ರಾಯರು ಎರಡನೇ ಕಾರಿಗೆ ಕಮಿಟಿಗೆ ಅರ್ಜಿಯನ್ನೇ ಕೊಟ್ಟಿರಲಿಲ್ಲ. ಸಾಮಾನ್ಯವಾಗಿ ಒಬ್ಬ ಸದಸ್ಯರಿಗೆ ಒಂದೇ ಪಾರ್ಕಿಂಗ್. ಬೇರೆ ಯಾರಿಗೂ ಬೇಡವಾಗಿ ಜಾಗ ಉಳಿದರೆ ಮಾತ್ರ ಎರಡನೆಯದು. ಅರ್ಜಿ ಇಲ್ಲದಿದ್ದರೆ ಅದೂ ಇಲ್ಲ. ಅವತ್ತೇ ಕೂತು ಒಂದು ಪುಟದ ಅರ್ಜಿ ಬರೆದೆವು. ಮನೆ ನಂಬರ್, ಗಾಡಿ ನಂಬರ್, ಆರ್‌ಸಿ ನಕಲು. ಎರಡು ಪ್ರತಿ ಮಾಡಿ ಒಂದರ ಮೇಲೆ ಸೆಕ್ರೆಟರಿಯ ಸಹಿ, ತಾರೀಖು ಹಾಕಿಸಿಕೊಳ್ಳಿ ಅಂದೆ. ಸರದಿ ಲೆಕ್ಕ ಹಿಡಿಯುವುದು ಆ ತಾರೀಖಿನಿಂದ.

ಆಮೇಲೆ ಭಾನುವಾರ ಬೆಳಿಗ್ಗೆ ಇಬ್ಬರೂ ಪಕ್ಕದ ಗಲ್ಲಿಗಳಲ್ಲಿ ಒಂದು ಸುತ್ತು ಹಾಕಿದೆವು. ಕೋಥ್ರೂಡ್‌ನಲ್ಲಿ ಇನ್ನೂ ಹಳೇ ಬಂಗಲೆಗಳು ಇವೆ. ಮಕ್ಕಳು ಹೊರದೇಶದಲ್ಲಿ, ಅಂಗಳ ಖಾಲಿ. ಮೂರನೇ ಗೇಟಿನ ಅಜ್ಜಿ ಒಪ್ಪಿದರು, ತಿಂಗಳ ಬಾಡಿಗೆಗೆ. ಎಲ್ಲ ಕಡೆ ಹೀಗೆ ಸಿಗುತ್ತದೆ ಅಂತಲ್ಲ. ಹಿಂಜೇವಾಡಿ, ಖರಾಡಿ ಕಡೆಯ ದೊಡ್ಡ ಕಾಂಪ್ಲೆಕ್ಸ್‌ಗಳಲ್ಲಿ ಪಾರ್ಕಿಂಗ್ ಇದ್ದೂ ಕಾರು ಇಲ್ಲದವರು ಇರುತ್ತಾರೆ, ಸೆಕ್ರೆಟರಿಯನ್ನು ಕೇಳಿದರೆ ಗೊತ್ತಾಗುತ್ತದೆ. ಸಿಗದಿದ್ದರೂ ನೀವು ಜೊತೆಗೆ ನಡೆದದ್ದು ಅವರಿಗೆ ನೆನಪಿರುತ್ತದೆ.

ಆರನೇ ಹೆಜ್ಜೆ: ಅಪರೂಪಕ್ಕೆ ಕೊಡಿ, ಆದರೆ ತಾರೀಖು ಹೇಳಿ ಕೊಡಿ

ದಿನಾ ಆಗಲ್ಲ ಅಂದವರು ಒಂದು ದಿನಕ್ಕೂ ಇಲ್ಲ ಅಂದರೆ ಅದು ಬರೀ ಜಿಪುಣತನ. ಗಣಪತಿ ಹಬ್ಬ, ಮನೆಗೆ ನೆಂಟರು, ಆಸ್ಪತ್ರೆಯಿಂದ ಬರುವ ಬಾಣಂತಿ, ಇಂಥ ಹೊತ್ತಿಗೆ ನಾನೇ ಮುಂದಾಗಿ ಕೊಡುತ್ತೇನೆ. ರಾಯರಿಗೆ ಅವತ್ತೇ ಹೇಳಿದ್ದೆ: "ಯಾವತ್ತಾದ್ರೂ ಒಂದು ದಿನಕ್ಕೆ ಬೇಕು ಅಂದ್ರೆ ಹಿಂದಿನ ದಿನ ಹೇಳಿ, ಆಗೋ ಹಾಗಿದ್ರೆ ಖಂಡಿತ ಕೊಡ್ತೀನಿ."

ಕೊಡುವಾಗ ಯಾವ ದಿನ, ಎಷ್ಟು ಗಂಟೆಯವರೆಗೆ ಅಂತ ಬಾಯಿಬಿಟ್ಟು ಹೇಳಿ. "ಭಾನುವಾರ ಸಂಜೆ 5ರ ತನಕ." ಅವರ ಗಾಡಿಯ ಕೀ ನಿಮ್ಮ ಮನೆಯಲ್ಲಿರಲಿ. ವಾಚ್‌ಮನ್‌ಗೆ ನೀವೇ ಹೋಗಿ "ಇವತ್ತು ಒಂದು ದಿನ ಮಾತ್ರ" ಅಂತ ಹೇಳಿ. ಇದನ್ನು ಬಿಟ್ಟರೆ ಮರುದಿನ ಅವರು ಕೇಳದೇ ಇದ್ದರೂ, ವಾಚ್‌ಮನ್ ತಾನೇ ಕೈ ಬೀಸಿ ಆ ಜಾಗ ತೋರಿಸುತ್ತಾನೆ. ಯಾರದೂ ತಪ್ಪಲ್ಲ, ಆದರೆ ಅಭ್ಯಾಸ ಬೀಳುವುದು ಹಾಗೆಯೇ.

ಮತ್ತೆ ದಿನಾ ಅನ್ನುವ ಕಡೆ ಹೋಗುತ್ತಿದೆ ಅಂತ ತಿಳಿಯುವುದು ಸುಲಭ. ಮೊದಲು ಹಿಂದಿನ ದಿನ ಕೇಳುತ್ತಿದ್ದವರು ಗಾಡಿ ನಿಲ್ಲಿಸಿ ಆಮೇಲೆ ಮೆಸೇಜ್ ಹಾಕುತ್ತಾರೆ. ತಿಂಗಳಲ್ಲಿ ಮೂರನೇ ಸಲ ಬರುತ್ತದೆ. ಆಗ ಕಾಯಬೇಡಿ: "ಈ ತಿಂಗಳು ಎರಡು ಸಲ ಆಯ್ತಲ್ವಾ, ಇನ್ನು ಬೇಡ" ಅಂತ ಅವತ್ತೇ ಹೇಳಿ.

ಹೇಳದೆ ನಿಲ್ಲಿಸಿದರೆ

ಇಷ್ಟಾದರೂ ಒಂದು ದಿನ ನಿಮ್ಮ ಜಾಗದಲ್ಲಿ ಅವರ ಗಾಡಿ ಇರಬಹುದು. ಅಡ್ಡ ಗಾಡಿ ನಿಲ್ಲಿಸುವುದು, ಗಾಳಿ ಬಿಡುವುದು, ಫೋಟೋ ತೆಗೆದು ಗ್ರೂಪ್‌ಗೆ ಹಾಕುವುದು ಯಾವುದೂ ಬೇಡ. ಒಮ್ಮೆ ಗ್ರೂಪ್‌ಗೆ ಹೋದರೆ 28 ಮನೆಯವರೂ ಮಾತಾಡುತ್ತಾರೆ, ಅದನ್ನು ವಾಪಸ್ ತೆಗೆದುಕೊಳ್ಳಲು ಆಗಲ್ಲ.

ಫೋನ್ ಮಾಡಿ, "ನಾನು ಕೆಳಗಿದ್ದೀನಿ, ಸ್ವಲ್ಪ ಗಾಡಿ ತೆಗೀತೀರಾ" ಅಂತ ಮಾತ್ರ ಹೇಳಿ, ಅಲ್ಲೇ ಕಾಯಿರಿ. ಬೇರೆ ಕಡೆ ನಿಲ್ಲಿಸಿ ಸುಮ್ಮನೆ ಮನೆಗೆ ಹೋಗಬೇಡಿ, ಪರವಾಗಿಲ್ಲ ಅಂತಲೇ ಅರ್ಥ ಆಗುತ್ತದೆ. ತೆಗೆದಮೇಲೆ ಥ್ಯಾಂಕ್ಸ್ ಅನ್ನಿ, ಅಲ್ಲಿ ಬೇರೆ ಮಾತು ಬೇಡ. ಸಂಜೆ ಒಮ್ಮೆ ಹೋಗಿ ಹೇಳಿ: "ಬೆಳಿಗ್ಗೆ ತೊಂದರೆ ಆಯ್ತು, ಮುಂದೆ ಹೇಳದೆ ಬೇಡ." ಎರಡನೇ ಸಲ ಆದರೂ ಇದೇ. ಮೂರನೇ ಸಲ ಆದರೆ ಸೆಕ್ರೆಟರಿಗೆ ಬರೆದು ಕೊಡಿ, ಆದರೆ ಕೊಡುವ ಮೊದಲು ನೆರೆಯವರಿಗೆ ತಿಳಿಸಿ. ಕಮಿಟಿಯ ನೋಟಿಸ್ ನೋಡಿ ಅವರಿಗೆ ಗೊತ್ತಾಗಬಾರದು.

ನಮ್ಮಲ್ಲಿ ಅಲ್ಲಿಯ ತನಕ ಹೋಗಲಿಲ್ಲ. ಕಳೆದ ಗಣಪತಿ ಹಬ್ಬಕ್ಕೆ ಹುಬ್ಬಳ್ಳಿಯಿಂದ ರಾಯರ ತಮ್ಮ ಬಂದಿದ್ದರು. ಹಿಂದಿನ ದಿನವೇ ಕೇಳಿದರು, ಎರಡು ದಿನಕ್ಕೆ ಕೊಟ್ಟೆ. ನನ್ನ ಗಾಡಿ ಆ ಎರಡು ದಿನ ಅಜ್ಜಿಯ ಅಂಗಳದಲ್ಲಿ ನಿಂತಿತ್ತು.